ಸಿಂಹಗಡ ಹತ್ತುವ ಕಾಲಿಗೆ ಎಷ್ಟು ಆಕ್ಸಿಜನ್? ಹಿಮೋಗ್ಲೋಬಿನ್, ಮಯೋಗ್ಲೋಬಿನ್ ಕರ್ವ್‌ಗಳನ್ನು ಲೆಕ್ಕ ಹಾಕಿ ಬಿಡಿಸುವ ಕ್ರಮ

ಪುಣೆಯಲ್ಲಿ ಬಿ.ಎಸ್ಸಿ. ಬಯೋಕೆಮಿಸ್ಟ್ರಿ ಓದುವ ಹುಡುಗ ಹುಡುಗಿಯರಿಗೆ ನಾನು ಮನೆಪಾಠ ಹೇಳುತ್ತೇನೆ. ಹೆಚ್ಚಿನವರು ವಿಜಯಪುರ, ಕಲಬುರಗಿ ಕಡೆಯಿಂದ ಬಂದವರು. ಹಿಮೋಗ್ಲೋಬಿನ್ ಮತ್ತು ಮಯೋಗ್ಲೋಬಿನ್‌ಗಳ ಆಕ್ಸಿಜನ್ ಕರ್ವ್ ಬಿಡಿಸಿ ಎಂದರೆ ಎಲ್ಲರೂ ಕಣ್ಣಂದಾಜಿನಲ್ಲಿ ಎರಡು ಗೆರೆ ಎಳೆಯುತ್ತಾರೆ. ಒಂದು ಎದ್ದು ಬಾಗಿದ ಗೆರೆ, ಇನ್ನೊಂದು ಎಸ್ ಅಕ್ಷರದ ಹಾಗೆ ಸೊಟ್ಟ ಗೆರೆ. ಆಕಾರ ಸರಿಯಾಗಿಯೇ ಇರುತ್ತದೆ. ಆ ಸೊಟ್ಟಿನಿಂದ ದೇಹಕ್ಕೆ ಆಗುವ ಲಾಭ ಎಷ್ಟು ಎಂದು ಕೇಳಿದರೆ ಮಾತ್ರ ಉತ್ತರ ಬರುವುದಿಲ್ಲ. ಲಾಭವನ್ನು ಅಂಕಿಯಲ್ಲಿ ಹೇಳಲು ಬರುತ್ತದೆ, ಲೆಕ್ಕವೂ ಕಷ್ಟದ್ದಲ್ಲ. ಒಂದು ಗ್ರಾಫ್ ಹಾಳೆ, ಎರಡು ಬಣ್ಣದ ಪೆನ್ಸಿಲ್, ಒಂದು ಮೊಬೈಲ್ ಇದ್ದರೆ ಸಾಕು. ಮೊಬೈಲನ್ನು ಅಡ್ಡ ಹಿಡಿದರೆ ಹೆಚ್ಚಿನ ಕ್ಯಾಲ್ಕುಲೇಟರ್‌ಗಳಲ್ಲಿ ಘಾತದ ಬಟನ್ ಕಾಣಿಸಿಕೊಳ್ಳುತ್ತದೆ. ನಮಗೆ ಬೇಕಾದ ವಿಶೇಷ ಬಟನ್ ಅದೊಂದೇ.

ಮೊದಲು ಹಾಳೆ ಸಿದ್ಧ ಮಾಡಿಕೊಳ್ಳಿ

ಕೆಳಗಿನ ಅಡ್ಡ ಗೆರೆಯ ಮೇಲೆ ಆಕ್ಸಿಜನ್‌ನ ಆಂಶಿಕ ಒತ್ತಡವನ್ನು 0ಯಿಂದ 100 ಟಾರ್‌ವರೆಗೆ ಗುರುತಿಸಿ. ಟಾರ್ ಅಂದರೆ, ನಮ್ಮ ಕೆಲಸದ ಮಟ್ಟಿಗೆ, ಪಾದರಸದ ಮಿಲಿಮೀಟರ್ ಎಂದೇ ತಿಳಿಯಿರಿ. ನಿಂತ ಗೆರೆಯ ಮೇಲೆ ಸ್ಯಾಚುರೇಶನ್, ಅಂದರೆ ಆಕ್ಸಿಜನ್ ಕೂರಬಹುದಾದ ಜಾಗಗಳಲ್ಲಿ ನೂರಕ್ಕೆ ಎಷ್ಟು ತುಂಬಿವೆ ಎಂಬುದು ಬರಲಿ. ಅಡ್ಡ ಗೆರೆಯ ಮನೆಗಳು ಸಮ ಅಂತರದಲ್ಲೇ ಇರಬೇಕು. ಲಾಗ್ ಅಳತೆ ಬಳಸಬೇಡಿ, ಯಾಕೆಂದು ಮುಂದೆ ಹೇಳುತ್ತೇನೆ.

ಈಗ ಮೂರು ಕಡೆ ತೆಳುವಾಗಿ ನಿಂತ ಗೆರೆ ಎಳೆಯಿರಿ. 100 ಟಾರ್‌ನಲ್ಲಿ ಒಂದು, ಅದು ಶ್ವಾಸಕೋಶ. 40ರಲ್ಲಿ ಒಂದು, ಅದು ಸುಮ್ಮನೆ ಕೂತಿರುವ ಮನುಷ್ಯನ ಅಂಗಾಂಶ. 20ರಲ್ಲಿ ಇನ್ನೊಂದು, ಅದು ದುಡಿಯುತ್ತಿರುವ ಸ್ನಾಯುವಿನ ಲೋಮನಾಳ. ಈ ಲೇಖನದ ಲೆಕ್ಕವೆಲ್ಲ ಇವೇ ಮೂರು ಗೆರೆಗಳ ನಡುವೆ ನಡೆಯುತ್ತದೆ.

ಶ್ವಾಸಕೋಶಕ್ಕೆ 100 ಎಲ್ಲಿಂದ ಬಂತು ಎಂಬುದನ್ನೂ ನೋಡಿಬಿಡಿ, ಮುಂದೆ ಪುಣೆ ಹತ್ತಿರದ ಸಿಂಹಗಡ ಕೋಟೆಯ ಲೆಕ್ಕಕ್ಕೆ ಹೋದಾಗ ಇದು ಬೇಕಾಗುತ್ತದೆ. ಮುಂಬೈ ಸಮುದ್ರಮಟ್ಟದಲ್ಲಿದೆ, ಅಲ್ಲಿ ಗಾಳಿಯ ಒತ್ತಡ 760. ಮೂಗಿನೊಳಗೆ ಹೋದ ಗಾಳಿಗೆ ನೀರಾವಿ ಸೇರಿಕೊಳ್ಳುತ್ತದೆ, ಅದರ ಪಾಲು 47. ಉಳಿದ 713ರಲ್ಲಿ ಆಕ್ಸಿಜನ್ ಶೇಕಡಾ 21, ಅಂದರೆ 150. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಕಾರ್ಬನ್ ಡೈಆಕ್ಸೈಡ್ 40ರಷ್ಟು ಇರುತ್ತದೆ. ಅದಕ್ಕಾಗಿ 40ನ್ನು 0.8ರಿಂದ ಭಾಗಿಸಿ ಬಂದ 50ನ್ನು ಕಳೆಯಬೇಕು. 150ರಲ್ಲಿ 50 ಹೋದರೆ 100.

ಮಯೋಗ್ಲೋಬಿನ್: ಸುಲಭದ ಗೆರೆ

ಮಯೋಗ್ಲೋಬಿನ್ ಸ್ನಾಯುವಿನೊಳಗಿನ ಪ್ರೋಟೀನ್. 153 ಅಮೈನೋ ಆಮ್ಲಗಳ ಒಂದೇ ಸರಪಳಿ, ಅದರೊಳಗೆ ಒಂದೇ ಹೀಮ್, ಹೀಮ್‌ನ ನಡುವೆ ಒಂದು ಕಬ್ಬಿಣದ ಪರಮಾಣು. ಆಕ್ಸಿಜನ್ ಕೂರಲು ಜಾಗವೂ ಒಂದೇ. ಪಕ್ಕದಲ್ಲಿ ಇನ್ನೊಂದು ಜಾಗ ಇಲ್ಲವಾದ್ದರಿಂದ ಯಾರ ಮೇಲೂ ಯಾರ ಪ್ರಭಾವವೂ ಇಲ್ಲ. ಹೀಗಿದ್ದಾಗ ಸೂತ್ರ ಸರಳ:

```
Y = pO2 / (P50 + pO2)
```

ಇಲ್ಲಿ pO2 ಎಂದರೆ ಆಕ್ಸಿಜನ್‌ನ ಒತ್ತಡ, Y ಎಂದರೆ ಸ್ಯಾಚುರೇಶನ್, ಅದನ್ನು 100ರಿಂದ ಗುಣಿಸಿದರೆ ಶೇಕಡಾ ಸಿಗುತ್ತದೆ. P50 ಎಂದರೆ ಅರ್ಧದಷ್ಟು ಜಾಗಗಳು ತುಂಬಲು ಬೇಕಾದ ಒತ್ತಡ. ಮಯೋಗ್ಲೋಬಿನ್‌ಗೆ ಅದು 2ರಿಂದ 3 ಟಾರ್. ನಾವು 2 ಎಂದೇ ಇಟ್ಟುಕೊಳ್ಳೋಣ. 2 ಟಾರ್‌ನಲ್ಲಿ 50, 5ರಲ್ಲಿ 71, 10ರಲ್ಲಿ 83, 20ರಲ್ಲಿ 91, 40ರಲ್ಲಿ 95, 100ರಲ್ಲಿ 98. ಚುಕ್ಕೆಗಳನ್ನು ಇಟ್ಟು ಜೋಡಿಸಿ. ಗೆರೆ ಶುರುವಿನಲ್ಲೇ ನೆಟ್ಟಗೆ ಮೇಲೆದ್ದು ಆಮೇಲೆ ಚಪ್ಪಟೆಯಾಗುತ್ತದೆ.

ಈಗ 100ರ ಗೆರೆಯನ್ನೂ 20ರ ಗೆರೆಯನ್ನೂ ನೋಡಿ. ಮಯೋಗ್ಲೋಬಿನ್ ರಕ್ತದಲ್ಲಿ ಹರಿಯುತ್ತಿತ್ತು ಎಂದುಕೊಂಡರೆ, ಶ್ವಾಸಕೋಶದಲ್ಲಿ 98 ತುಂಬಿಕೊಂಡದ್ದು ದುಡಿಯುವ ಸ್ನಾಯುವಿನ ಬಳಿ ಬಂದಾಗಲೂ 91 ಹಿಡಿದುಕೊಂಡೇ ಇರುತ್ತದೆ. ಕೊಟ್ಟದ್ದು ಬರೀ 7.

ಕಳೆದ ಬ್ಯಾಚಿನಲ್ಲಿ ಸಿಂದಗಿಯ ಹುಡುಗಿಯೊಬ್ಬಳು ಇಲ್ಲಿ ಕೈ ಎತ್ತಿದಳು. "ಸರ್, ಮಯೋಗ್ಲೋಬಿನ್ ಅಷ್ಟು ಛಲೋ ಹಿಡಿತದಂದ್ರ ರಕ್ತದಾಗೂ ಅದನ್ನ ಇಟ್ಟಿದ್ರ ಆಗ್ತಿದ್ದಿಲ್ಲೇನ್ರಿ?"

"ಹಿಡಿಯೂದು ದೊಡ್ಡ ಮಾತಲ್ಲ ತಂಗಿ," ಅಂದೆ, "ಬಿಡೂದು ದೊಡ್ಡ ಮಾತು."

ಮಯೋಗ್ಲೋಬಿನ್ ಬಿಡುವುದೇ ಇಲ್ಲವೆಂದಲ್ಲ. ದುಡಿಯುತ್ತಿರುವ ಸ್ನಾಯುಕೋಶದ ಒಳಗೆ ಒತ್ತಡ ಕೆಲವೇ ಟಾರ್‌ಗೆ ಇಳಿದಿರುತ್ತದೆ, ಅಲ್ಲಿ ಅದೂ ಬಿಡುತ್ತದೆ. ಗ್ರಾಫಿನ ಎಡ ಮೂಲೆಯ ಆ ಕಡಿದಾದ ಭಾಗವೇ ಅದರ ಕೆಲಸದ ಜಾಗ. ರಕ್ತದಿಂದ ಬಂದದ್ದನ್ನು ಕೋಶದೊಳಗೆ ಇಸಿದುಕೊಳ್ಳುವುದು, ತೀರಾ ಅಭಾವ ಬಂದಾಗ ಕೊಡುವುದು ಅದರ ಪಾತ್ರ. ತಿಮಿಂಗಿಲ, ಸೀಲ್‌ಗಳ ಮಾಂಸ ಕಪ್ಪುಗೆಂಪಾಗಿ ಕಾಣುವುದು ಅದರಲ್ಲಿ ಮಯೋಗ್ಲೋಬಿನ್ ಹೇರಳವಾಗಿರುವುದರಿಂದ. ಇಂಥ ಪ್ರೋಟೀನನ್ನು ರಕ್ತದಲ್ಲಿ ಹರಿಯಬಿಟ್ಟರೆ ಆಕ್ಸಿಜನ್ ಶ್ವಾಸಕೋಶಕ್ಕೂ ಸ್ನಾಯುವಿಗೂ ನಡುವೆ ಸುಮ್ಮನೆ ಸುತ್ತುತ್ತಿರುತ್ತದೆ, ಅಷ್ಟೇ.

ಒಂದು ಸುಳ್ಳು ಹಿಮೋಗ್ಲೋಬಿನ್ ಬಿಡಿಸಿ

ಪಠ್ಯಗಳು ಇದನ್ನು ಹಾರಿಸಿ ಮುಂದೆ ಹೋಗುತ್ತವೆ. ನನ್ನ ಪ್ರಕಾರ ಇಡೀ ಪಾಠದ ತಿರುಳು ಇಲ್ಲಿದೆ.

ಮಯೋಗ್ಲೋಬಿನ್ ಬಿಡದಿರಲು ಕಾರಣ ಅದರ ಹಿಡಿತ ಬಿಗಿ ಎಂಬುದಾದರೆ, ಹಿಡಿತ ಸಡಿಲಿಸಿದ ಪ್ರೋಟೀನ್ ಸಾಲದೆ? ಎಸ್ ಆಕಾರ ಯಾಕೆ ಬೇಕು? ಪರೀಕ್ಷಿಸೋಣ. ಹಿಮೋಗ್ಲೋಬಿನ್‌ನ P50 ಸುಮಾರು 26 ಟಾರ್. ಅದೇ 26ನ್ನು ಮೇಲಿನ ಸರಳ ಸೂತ್ರಕ್ಕೇ ಹಾಕಿ. 100 ಟಾರ್‌ನಲ್ಲಿ 79 ಬರುತ್ತದೆ, 20ರಲ್ಲಿ 43. ಕೊಟ್ಟದ್ದು 36. ಮಯೋಗ್ಲೋಬಿನ್‌ನ 7ಕ್ಕೆ ಹೋಲಿಸಿದರೆ ಎಷ್ಟೋ ಮೇಲು. ಆದರೆ ಶ್ವಾಸಕೋಶದಲ್ಲೇ ಐದರಲ್ಲಿ ಒಂದು ಪಾಲು ಜಾಗ ಖಾಲಿ ಉಳಿಯಿತು.

P50ಯನ್ನು ಇನ್ನಷ್ಟು ಬದಲಿಸಿ ನೋಡಿ. 10 ಇಟ್ಟರೆ 91 ತುಂಬುತ್ತದೆ, ಆದರೆ 67 ಹಿಡಿದೇ ಇರುತ್ತದೆ, ಕೊಟ್ಟದ್ದು 24. 80 ಇಟ್ಟರೆ 20ರಲ್ಲಿ 20ಕ್ಕೆ ಇಳಿಯುತ್ತದೆ ನಿಜ, ಆದರೆ ತುಂಬುವುದೇ 56, ಕೊಟ್ಟದ್ದು 36. ಎಲ್ಲಕ್ಕಿಂತ ಹೆಚ್ಚು ಸಿಗುವುದು P50 ಸುಮಾರು 45 ಇದ್ದಾಗ, ಅಂದರೆ 100 ಮತ್ತು 20ರ ಗುಣಲಬ್ಧದ ವರ್ಗಮೂಲದಲ್ಲಿ. ಆಗಲೂ ಸಿಗುವುದು 38. ಒಂದೊಂದು ಜಾಗವೂ ತನ್ನ ಪಾಡಿಗೆ ತಾನಿರುವ ಪ್ರೋಟೀನ್ ಯಾವುದೇ ಇರಲಿ, ಹಿಡಿತ ಎಷ್ಟೇ ಇರಲಿ, 100 ಮತ್ತು 20ರ ನಡುವೆ 38ಕ್ಕಿಂತ ಹೆಚ್ಚು ಕೊಡಲಾರದು. ತುಂಬಿಕೊಳ್ಳಲು ಬಿಗಿ ಹಿಡಿತ ಬೇಕು, ಕೊಡಲು ಸಡಿಲ ಹಿಡಿತ ಬೇಕು. ಒಂದೇ ಹಿಡಿತ ಇಟ್ಟುಕೊಂಡು ಎರಡನ್ನೂ ಸಾಧಿಸಲು ಆಗುವುದಿಲ್ಲ. ದಾರಿಯಲ್ಲಿ ಹಿಡಿತ ಬದಲಾಗಬೇಕು.

ನಿಜವಾದ ಹಿಮೋಗ್ಲೋಬಿನ್

1910ರಲ್ಲಿ ಆರ್ಚಿಬಾಲ್ಡ್ ಹಿಲ್ ಕೊಟ್ಟ ಸೂತ್ರ ಇದು. ಹಿಂದಿನದಕ್ಕೆ ಘಾತವೊಂದು ಸೇರಿದೆ:

```
Y = pO2^n / (P50^n + pO2^n)
```

ಹಿಮೋಗ್ಲೋಬಿನ್‌ಗೆ n ಸುಮಾರು 2.8. ಸ್ಪ್ರೆಡ್‌ಶೀಟ್‌ನಲ್ಲಿ ಮಾಡುವವರು A ಕಾಲಮ್ಮಿನಲ್ಲಿ ಒತ್ತಡಗಳನ್ನು ಬರೆದು ಪಕ್ಕದಲ್ಲಿ ಹೀಗೆ ಹಾಕಿ ಕೆಳಗೆ ಎಳೆಯಿರಿ:

```
=100*A2^2.8/(26^2.8+A2^2.8)
```

ಕ್ಯಾಲ್ಕುಲೇಟರ್‌ನಲ್ಲಿ ಮಾಡುವವರಿಗೆ ಸುಲಭದ ದಾರಿ ಬೇರೆ. ಒತ್ತಡವನ್ನು 26ರಿಂದ ಭಾಗಿಸಿ, ಬಂದದ್ದರ 2.8ನೇ ಘಾತ ತೆಗೆಯಿರಿ. ಅದಕ್ಕೆ 1 ಕೂಡಿಸಿದ ಸಂಖ್ಯೆಯಿಂದ ಅದನ್ನೇ ಭಾಗಿಸಿ. 40 ಟಾರ್‌ಗೆ ಮಾಡಿ ನೋಡೋಣ. 40 ಭಾಗಿಸು 26 ಎಂದರೆ 1.538. ಅದರ 2.8ನೇ ಘಾತ 3.34. 3.34ನ್ನು 4.34ರಿಂದ ಭಾಗಿಸಿದರೆ 0.77, ಅಂದರೆ ಶೇಕಡಾ 77. ಹೀಗೇ ಮುಂದುವರಿಸಿದರೆ 10ರಲ್ಲಿ 6, 20ರಲ್ಲಿ 32, 30ರಲ್ಲಿ 60, 60ರಲ್ಲಿ 91, 80ರಲ್ಲಿ 96, 100ರಲ್ಲಿ 98 ಬರಬೇಕು. 26ರಲ್ಲಿ ಸರಿಯಾಗಿ 50 ಬಾರದಿದ್ದರೆ ಎಲ್ಲೋ ಆವರಣ ತಪ್ಪಿದೆ ಎಂದು ಅರ್ಥ.

ಇನ್ನೊಂದು ಬಣ್ಣದಲ್ಲಿ ಚುಕ್ಕೆ ಜೋಡಿಸಿ. ಎಸ್ ಆಕಾರ ತಾನಾಗಿ ಮೂಡುತ್ತದೆ. ಶ್ವಾಸಕೋಶದಲ್ಲಿ 98, ದುಡಿಯುವ ಸ್ನಾಯುವಿನಲ್ಲಿ 32, ಕೊಟ್ಟದ್ದು 66. ಒಂಟಿ ಜಾಗದ ಯಾವ ಪ್ರೋಟೀನೂ 38 ದಾಟಲಾರದು ಎಂದು ಈಗಷ್ಟೇ ನೋಡಿದೆವು. ಅದೇ ಎರಡು ಒತ್ತಡಗಳ ನಡುವೆ ಇದು 66 ಕೊಡುತ್ತಿದೆ. ಸುಮ್ಮನೆ ಕೂತವನಿಗೆ 98ರಿಂದ 77, ಅಂದರೆ 21 ಮಾತ್ರ. ಎದ್ದು ಓಡಿದರೆ ಒತ್ತಡ 40ರಿಂದ 20ಕ್ಕೆ ಇಳಿಯುತ್ತದೆ, ಆ ಇಪ್ಪತ್ತೇ ಟಾರ್ ಇಳಿಕೆಗೆ ಇನ್ನೂ 45 ಸುರಿಯುತ್ತದೆ. ಕರ್ವ್ ಅಲ್ಲೇ ಅತಿ ಕಡಿದಾಗಿರುವುದನ್ನು ಹಾಳೆಯ ಮೇಲೆ ಬೆರಳಿಟ್ಟು ನೋಡಿ. ಅಂಗಾಂಶಗಳು ಬದುಕುವ ಒತ್ತಡವೂ ಕರ್ವ್‌ನ ಕಡಿದಾದ ಭಾಗವೂ ಒಂದೇ ಕಡೆ ಬಿದ್ದಿವೆ.

ಹಿಡಿತ ಬದಲಾಗುವುದು ಹೇಗೆ

ಹಿಮೋಗ್ಲೋಬಿನ್‌ನಲ್ಲಿ ನಾಲ್ಕು ಸರಪಳಿಗಳು, ಎರಡು ಆಲ್ಫಾ, ಎರಡು ಬೀಟಾ. ಪ್ರತಿಯೊಂದೂ ಮಡಿಕೆಯಲ್ಲಿ ಮಯೋಗ್ಲೋಬಿನ್‌ನ ಒಡಹುಟ್ಟಿನಂತೆಯೇ ಇದೆ, ಪ್ರತಿಯೊಂದರಲ್ಲೂ ಒಂದು ಹೀಮ್. ಮಯೋಗ್ಲೋಬಿನ್‌ನ ರಚನೆಯನ್ನು ಜಾನ್ ಕೆಂಡ್ರ್ಯೂ, ಹಿಮೋಗ್ಲೋಬಿನ್‌ನದನ್ನು ಮ್ಯಾಕ್ಸ್ ಪೆರುಟ್ಜ್, ಇಬ್ಬರೂ ಕೇಂಬ್ರಿಜ್‌ನಲ್ಲಿ ಎಕ್ಸ್-ರೇ ಬಳಸಿ ಬಿಡಿಸಿದರು. 1962ರ ರಸಾಯನಶಾಸ್ತ್ರದ ನೊಬೆಲ್ ಇಬ್ಬರಿಗೂ ಸೇರಿ ಬಂತು.

ಉತ್ತರಪತ್ರಿಕೆಗಳಲ್ಲಿ "ಒಂದು ಆಕ್ಸಿಜನ್ ಬಂದರೆ ಇನ್ನೊಂದನ್ನು ಕರೆಯುತ್ತದೆ" ಎಂದು ಬರೆಯುತ್ತಾರೆ. ಆಕ್ಸಿಜನ್‌ಗಳು ಒಂದನ್ನೊಂದು ನೋಡುವಷ್ಟು ಹತ್ತಿರದಲ್ಲೇ ಇಲ್ಲ. ಹೀಮ್‌ಗಳು ಪರಸ್ಪರ ದೂರ ದೂರ ಇವೆ. ಸುದ್ದಿ ತಲುಪುವುದು ಪ್ರೋಟೀನಿನ ಮೈಯ ಮೂಲಕ, ಅದೂ ಹೀಗೆ. ಆಕ್ಸಿಜನ್ ಇಲ್ಲದಾಗ ಕಬ್ಬಿಣದ ಪರಮಾಣು ಹೀಮ್‌ನ ತಟ್ಟೆಯಿಂದ ಸುಮಾರು 0.4 ಆಂಗ್‌ಸ್ಟ್ರಾಮ್ ಆಚೆ ಕೂತಿರುತ್ತದೆ. ಆಕ್ಸಿಜನ್ ಬಂದು ಕೂಡಿದಾಗ ಅದು ತಟ್ಟೆಯೊಳಗೆ ಸರಿಯುತ್ತದೆ. ಸರಿಯುವಾಗ ತನಗೆ ಅಂಟಿಕೊಂಡ ಹಿಸ್ಟಿಡಿನ್ ಒಂದನ್ನು ಎಳೆಯುತ್ತದೆ, ಆ ಹಿಸ್ಟಿಡಿನ್ ತಾನಿರುವ ಸುರುಳಿಯನ್ನು ಎಳೆಯುತ್ತದೆ, ಸುರುಳಿಯ ತುದಿ ಪಕ್ಕದ ಸರಪಳಿಗೆ ತಾಗುವ ಗಡಿಯಲ್ಲಿದೆ. ಕೊನೆಗೆ ಒಂದು ಆಲ್ಫಾ-ಬೀಟಾ ಜೋಡಿ ಇನ್ನೊಂದು ಜೋಡಿಯ ಎದುರು ಸುಮಾರು 15 ಡಿಗ್ರಿ ತಿರುಗಿಬಿಡುತ್ತದೆ.

ತಿರುಗುವ ಮೊದಲಿನ ರೂಪಕ್ಕೆ ಟಿ ಸ್ಥಿತಿ, ತಿರುಗಿದ ರೂಪಕ್ಕೆ ಆರ್ ಸ್ಥಿತಿ ಎನ್ನುತ್ತಾರೆ. ಟಿ ಸ್ಥಿತಿಯನ್ನು ಸರಪಳಿಗಳ ನಡುವಿನ ಉಪ್ಪುಸೇತುವೆಗಳು, ಅಂದರೆ ಧನ ಮತ್ತು ಋಣ ಆವೇಶಗಳ ಜೋಡಿಗಳು, ಬಿಗಿದು ಹಿಡಿದಿರುತ್ತವೆ. ಅಲ್ಲಿ ಆಕ್ಸಿಜನ್ ಮೇಲಿನ ಹಿಡಿತ ಸಡಿಲ. ಆರ್ ಸ್ಥಿತಿಯಲ್ಲಿ ಹಿಡಿತ ಬಿಗಿ. ಮೊದಲ ಆಕ್ಸಿಜನ್ ಈ ಸೇತುವೆಗಳ ವಿರುದ್ಧ ಕೂರಬೇಕು, ಆದ್ದರಿಂದ ಅದಕ್ಕೆ ಕಷ್ಟ. ಕೊನೆಯದು ಬರುವ ಹೊತ್ತಿಗೆ ಅಣು ತಿರುಗಿಯಾಗಿರುತ್ತದೆ, ಅದಕ್ಕೆ ಸಲೀಸು. ಬಿಡುವಾಗಲೂ ಇದೇ ದಾರಿ ಹಿಂದಕ್ಕೆ: ಒಂದೆರಡು ಆಕ್ಸಿಜನ್ ಹೋದರೆ ಅಣು ಟಿ ಸ್ಥಿತಿಗೆ ಮರಳಿ ಉಳಿದವನ್ನೂ ಸಡಿಲ ಬಿಡುತ್ತದೆ. ಹೀಗೆ ಒಂದು ಜಾಗ ತುಂಬಿದ್ದು ಅಥವಾ ಖಾಲಿಯಾದದ್ದು ಉಳಿದ ಜಾಗಗಳ ಹಿಡಿತವನ್ನು ಬದಲಿಸುವುದಕ್ಕೆ ಸಹಕಾರಿ ಬಂಧನ ಎನ್ನುತ್ತಾರೆ. ಅದರ ಮಾತು ಬಂದಾಗ ಎಲ್ಲರೂ ತುಂಬುವುದನ್ನಷ್ಟೇ ವರ್ಣಿಸುತ್ತಾರೆ, ದೇಹಕ್ಕೆ ಹೆಚ್ಚು ಉಪಯೋಗ ಬಿಡುವುದರಿಂದ.

ಸೂತ್ರದ 2.8 ಎಂಬುದು ಜಾಗಗಳ ಎಣಿಕೆ ಅಲ್ಲ. ಜಾಗಗಳು ನಾಲ್ಕು. ನಾಲ್ಕೂ ಒಟ್ಟಿಗೇ ತುಂಬಿ ಒಟ್ಟಿಗೇ ಖಾಲಿಯಾಗುವ ಅಣು ಇದ್ದಿದ್ದರೆ n 4 ಆಗುತ್ತಿತ್ತು, ಪರಸ್ಪರ ಸಂಬಂಧವೇ ಇಲ್ಲದಿದ್ದರೆ 1. 2.8 ಎಂದರೆ ಸಹಕಾರ ಗಟ್ಟಿಯಾಗಿದೆ, ಆದರೆ ಪೂರ್ತಿ ಅಲ್ಲ.

ಇನ್ನೊಂದು ಮಾತು. ಈ 26 ಟಾರ್ ಎಂಬುದು ಹಿಮೋಗ್ಲೋಬಿನ್‌ನ ಸ್ವಂತ ಗುಣವಲ್ಲ. ಕೆಂಪು ರಕ್ತಕಣದಲ್ಲಿರುವ 2,3-ಬಿಪಿಜಿ ಎಂಬ ಚಿಕ್ಕ ಅಣು ಟಿ ಸ್ಥಿತಿಯ ನಡುವಿನ ಪೊಳ್ಳಿನಲ್ಲಿ ಕೂತು ಆ ಸ್ಥಿತಿಯನ್ನು ಭದ್ರಪಡಿಸುತ್ತದೆ. ಅದನ್ನು ತೊಳೆದು ತೆಗೆದರೆ P50 ಸುಮಾರು 12ಕ್ಕೆ ಇಳಿಯುತ್ತದೆ, ಕರ್ವ್ ಎಡಕ್ಕೆ, ಮಯೋಗ್ಲೋಬಿನ್‌ನ ಕಡೆಗೆ ಜರುಗುತ್ತದೆ.

ಬೋರ್ ಪರಿಣಾಮವನ್ನು ಸೇರಿಸಿ

1904ರಲ್ಲಿ ಕೋಪನ್‌ಹೇಗನ್‌ನ ಕ್ರಿಶ್ಚಿಯನ್ ಬೋರ್ ಮತ್ತು ಸಂಗಡಿಗರು ಕಾರ್ಬನ್ ಡೈಆಕ್ಸೈಡ್ ಹೆಚ್ಚಿಸಿದರೆ ರಕ್ತದ ಆಕ್ಸಿಜನ್ ಕರ್ವ್ ಬಲಕ್ಕೆ ಸರಿಯುತ್ತದೆ ಎಂದು ತೋರಿಸಿದರು. ಪರಮಾಣು ಮಾದರಿಯ ನೀಲ್ಸ್ ಬೋರ್ ಇವರ ಮಗ. ಹುಡುಗರು ಇಬ್ಬರನ್ನೂ ಕಲಸಿಬಿಡುತ್ತಾರೆ, ಅದಕ್ಕೇ ಹೇಳಿದೆ.

ದುಡಿಯುವ ಸ್ನಾಯು ಕಾರ್ಬನ್ ಡೈಆಕ್ಸೈಡನ್ನೂ ಆಮ್ಲವನ್ನೂ ಹೊರಹಾಕುತ್ತದೆ. ಕಾರ್ಬನ್ ಡೈಆಕ್ಸೈಡ್ ಕೆಂಪು ರಕ್ತಕಣಕ್ಕೆ ನುಗ್ಗಿ ಅಲ್ಲಿನ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವದಿಂದ ನೀರಿನ ಜೊತೆ ಸೇರಿ ಬೈಕಾರ್ಬೊನೇಟ್ ಮತ್ತು ಪ್ರೋಟಾನ್ ಆಗುತ್ತದೆ. ಪಿಎಚ್ 7.4 ಇದ್ದದ್ದು 7.2ಕ್ಕೆ ಇಳಿಯಿತು ಎಂದುಕೊಳ್ಳಿ. ಈ ಹೆಚ್ಚುವರಿ ಪ್ರೋಟಾನ್‌ಗಳು ಹಿಮೋಗ್ಲೋಬಿನ್‌ನ ಕೆಲವು ಜಾಗಗಳಲ್ಲಿ ಕೂರುತ್ತವೆ. ಬೀಟಾ ಸರಪಳಿಯ ಕೊನೆಯ ಅಮೈನೋ ಆಮ್ಲ, 146ನೆಯ ಹಿಸ್ಟಿಡಿನ್, ಅವುಗಳಲ್ಲಿ ಮುಖ್ಯವಾದದ್ದು. ಪ್ರೋಟಾನ್ ಕೂತರೆ ಅದಕ್ಕೆ ಧನ ಆವೇಶ ಬರುತ್ತದೆ, ಆಗ ಅದೇ ಸರಪಳಿಯ 94ನೆಯ ಆಸ್ಪಾರ್ಟೇಟ್‌ನ ಋಣ ಆವೇಶದ ಜೊತೆ ಉಪ್ಪುಸೇತುವೆ ಕಟ್ಟಿಕೊಳ್ಳುತ್ತದೆ. ಈ ಸೇತುವೆ ನಿಲ್ಲುವುದು ಟಿ ಸ್ಥಿತಿಯಲ್ಲಿ. ಅಂದರೆ ಆಮ್ಲ ಹೆಚ್ಚಿದಷ್ಟೂ ಟಿ ಸ್ಥಿತಿ ಗಟ್ಟಿ, ಆಕ್ಸಿಜನ್ ಮೇಲಿನ ಹಿಡಿತ ಸಡಿಲ. ಕಾರ್ಬನ್ ಡೈಆಕ್ಸೈಡ್ ನೇರವಾಗಿಯೂ ಸರಪಳಿಗಳ ಅಮೈನೋ ತುದಿಗೆ ಅಂಟಿ ಇದೇ ದಿಕ್ಕಿಗೆ ತಳ್ಳುತ್ತದೆ. ಅದನ್ನು ನಮ್ಮ ಲೆಕ್ಕದಲ್ಲಿ ಬಿಡೋಣ.

ಲೆಕ್ಕಕ್ಕೆ ಬೇಕಾದದ್ದು ಒಂದೇ ಅಂಕಿ. ಪಿಎಚ್ ಒಂದು ಮಾನ ಇಳಿದರೆ P50ಯ ಲಾಗ್ ಸುಮಾರು 0.48 ಏರುತ್ತದೆ. ನಮ್ಮ ಇಳಿಕೆ 0.2, ಆದ್ದರಿಂದ ಏರಿಕೆ 0.096. ಹತ್ತರ 0.096ನೇ ಘಾತ 1.247. 26ನ್ನು ಅದರಿಂದ ಗುಣಿಸಿದರೆ ಹೊಸ P50 32.4 ಟಾರ್.

ಇದನ್ನು ಸೂತ್ರಕ್ಕೆ ಹಾಕಿ 20 ಟಾರ್‌ಗೆ ಲೆಕ್ಕ ಮಾಡಿ. 32 ಇದ್ದದ್ದು 21 ಆಗುತ್ತದೆ. ಶ್ವಾಸಕೋಶಕ್ಕೆ ಮರಳುವಾಗ ಕಾರ್ಬನ್ ಡೈಆಕ್ಸೈಡ್ ಹೊರಹೋಗಿ ಪಿಎಚ್ 7.4ಕ್ಕೆ ಏರಿರುತ್ತದೆ, ಆದ್ದರಿಂದ ಅಲ್ಲಿ ಹಳೆಯ 98. ಕೊಟ್ಟದ್ದು 98ರಲ್ಲಿ 21 ಕಳೆದು 77. ಬೋರ್ ಪರಿಣಾಮದಿಂದ 66 ಇದ್ದದ್ದು 77 ಆಯಿತು.

ಇಲ್ಲಿ ಎಲ್ಲರೂ ಮುಗ್ಗರಿಸುವ ಜಾಗ ಒಂದಿದೆ. ಗೆರೆ ಬಲಕ್ಕೆ ಸರಿದರೆ "ಹೆಚ್ಚಾಯಿತು" ಎಂದು ಮನಸ್ಸು ಹೇಳುತ್ತದೆ. ಹೆಚ್ಚಾದದ್ದು P50, ಅಂದರೆ ಅರ್ಧ ತುಂಬಲು ಹೆಚ್ಚು ಒತ್ತಡ ಬೇಕು, ಅಂದರೆ ಹಿಡಿತ ಕಡಿಮೆಯಾಯಿತು. ಅನುಮಾನ ಬಂದರೆ 20ರ ಗೆರೆಯ ಮೇಲೆ ಎರಡೂ ಕರ್ವ್ ಎಲ್ಲಿ ಹಾಯುತ್ತವೆ ನೋಡಿ, ಕೆಳಗೆ ಹಾಯುವುದೇ ಹೆಚ್ಚು ಬಿಟ್ಟುಕೊಟ್ಟದ್ದು.

ಹಾಳೆಯ ಬಲತುದಿಯನ್ನೂ ಗಮನಿಸಿ. ಶ್ವಾಸಕೋಶದಲ್ಲೂ P50 32.4 ಆಗಿಯೇ ಉಳಿದಿದೆ ಎಂದುಕೊಂಡರೂ ಅಲ್ಲಿ 96 ತುಂಬುತ್ತದೆ. ನಷ್ಟ ಎರಡು, ಸ್ನಾಯುವಿನ ಬಳಿ ಲಾಭ ಹನ್ನೊಂದು. ಮೇಲ್ಭಾಗ ಚಪ್ಪಟೆ, ನಡುಭಾಗ ಕಡಿದು ಇರುವುದರಿಂದಲೇ ಹೀಗಾಗುತ್ತದೆ.

ಮಯೋಗ್ಲೋಬಿನ್‌ಗೆ ಈ ಹೆಜ್ಜೆಯೇ ಇಲ್ಲ. ಜೊತೆಗಿನ ಸರಪಳಿಗಳಿಲ್ಲ, ತಿರುಗುವ ಗಡಿಯಿಲ್ಲ, ಪ್ರೋಟಾನ್ ಭದ್ರಪಡಿಸಬಹುದಾದ ಟಿ ಸ್ಥಿತಿಯೂ ಇಲ್ಲ. ಪಿಎಚ್ 7.4 ಇರಲಿ, 7.2 ಇರಲಿ, ಅದರ ಗೆರೆ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ.

ಸಿಂಹಗಡದ ಲೆಕ್ಕ

ಭಾನುವಾರ ಬೆಳಿಗ್ಗೆ ಪುಣೆಯ ಅರ್ಧ ಊರು ಸಿಂಹಗಡದ ದಾರಿಯಲ್ಲಿರುತ್ತದೆ. ಕೋಟೆಯ ಎತ್ತರ ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್. ಅಲ್ಲಿ ಗಾಳಿಯ ಒತ್ತಡ ಸುಮಾರು 650ಕ್ಕೆ ಇಳಿದಿರುತ್ತದೆ. ಮೊದಲಿನಂತೆಯೇ ಮಾಡಿ. 650ರಲ್ಲಿ 47 ಕಳೆದರೆ 603, ಅದರ ಶೇಕಡಾ 21 ಎಂದರೆ 126 ಅಥವಾ 127, ಅದರಲ್ಲಿ 50 ಕಳೆದರೆ ಗಾಳಿಗೂಡಿನ ಒತ್ತಡ 76ರ ಆಸುಪಾಸು. ಮುಂಬೈಗಿಂತ ಸುಮಾರು ಕಾಲು ಭಾಗ ಕಡಿಮೆ.

ಸ್ಯಾಚುರೇಶನ್ ಎಷ್ಟಾಯಿತು? 76 ಭಾಗಿಸು 26 ಎಂದರೆ 2.92, ಅದರ 2.8ನೇ ಘಾತ ಸುಮಾರು 20, 20ನ್ನು 21ರಿಂದ ಭಾಗಿಸಿದರೆ ಶೇಕಡಾ 95. ಒತ್ತಡ ಕಾಲು ಭಾಗ ಹೋದರೂ ತುಂಬುವುದು 98ರಿಂದ 95ಕ್ಕೆ ಇಳಿಯಿತು, ಅಷ್ಟೇ. ಕೊನೆಯ ಮೆಟ್ಟಿಲುಗಳ ಬಳಿ ತೊಡೆಯ ಸ್ನಾಯುವಿನಲ್ಲಿ ಒತ್ತಡ 20, ಪಿಎಚ್ 7.2 ಎಂದಿಟ್ಟರೆ ಅಲ್ಲಿ 21. ಕೊಟ್ಟದ್ದು 74. ಸಮುದ್ರಮಟ್ಟದ 77ಕ್ಕೆ ಮೂರು ಕಡಿಮೆ.

ಹಾಗಾದರೆ ಏದುಸಿರು ಯಾಕೆ? ಹಿಮೋಗ್ಲೋಬಿನ್ ತುಂಬಿಕೊಳ್ಳದೆ ಹೋದದ್ದಕ್ಕಲ್ಲ. ಸ್ನಾಯು ಹುಟ್ಟಿಸಿದ ಕಾರ್ಬನ್ ಡೈಆಕ್ಸೈಡನ್ನು ಹೊರಹಾಕಬೇಕು, ನಿಮಿಷಕ್ಕೆ ಹೆಚ್ಚು ರಕ್ತ ಓಡಿಸಬೇಕು, ಆ ಓಟ ಅದು. ಜೋರಾಗಿ ಉಸಿರಾಡಿದಾಗ ಗಾಳಿಗೂಡಿನ ಕಾರ್ಬನ್ ಡೈಆಕ್ಸೈಡ್ 40ಕ್ಕಿಂತ ಕೆಳಗೆ ಹೋಗಬಹುದು. ಆಗ ನಾವು ಕಳೆದ 50 ಚಿಕ್ಕದಾಗಿ ಆಕ್ಸಿಜನ್ ಒತ್ತಡ 76ಕ್ಕಿಂತ ತುಸು ಮೇಲೇ ಇರುತ್ತದೆ. ನಮ್ಮ ಅಂಕಿ ಕೆಳಮಿತಿ ಎಂದು ತಿಳಿಯಿರಿ.

ಹಾಳೆ ಮೋಸ ಮಾಡುವ ಎರಡು ಕಡೆ

ಮೊದಲನೆಯದು ಲಾಗ್ ಅಳತೆ. ಮಯೋಗ್ಲೋಬಿನ್‌ನ ಅಂಕಿಗಳನ್ನೇ ಅಡ್ಡ ಗೆರೆಗೆ ಲಾಗ್ ಅಳತೆ ಇಟ್ಟು ಮತ್ತೊಮ್ಮೆ ಬಿಡಿಸಿ ನೋಡಿ: 0.1, 1, 10, 100 ಸಮ ಅಂತರದಲ್ಲಿ. ಯಾವ ಸಹಕಾರವೂ ಇಲ್ಲದ ಗೆರೆ ಅಚ್ಚುಕಟ್ಟಾದ ಎಸ್ ಆಗಿಬಿಡುತ್ತದೆ. ಯಾವುದಾದರೂ ಚಿತ್ರದಲ್ಲಿ ಎಸ್ ಕಂಡ ತಕ್ಷಣ "ಸಹಕಾರಿ" ಎಂದು ಬರೆಯುವ ಮೊದಲು ಅಡ್ಡ ಗೆರೆಯ ಅಂಕಿಗಳನ್ನು ಓದಬೇಕು. ಲಾಗ್ ಚಿತ್ರವೇ ಕೈಯಲ್ಲಿದ್ದರೆ ಶೇಕಡಾ 10ರಿಂದ 90ಕ್ಕೆ ಏರಲು ಒತ್ತಡ ಎಷ್ಟು ಪಟ್ಟು ಬೇಕಾಯಿತು ಎಂದು ಲೆಕ್ಕ ಹಾಕಿ. ಸಹಕಾರವಿಲ್ಲದ ಪ್ರೋಟೀನ್‌ಗೆ ಸರಿಯಾಗಿ 81 ಪಟ್ಟು ಬೇಕು. n 2.8 ಇದ್ದರೆ ಐದು ಪಟ್ಟಿಗೆ ತುಸು ಕಡಿಮೆ ಸಾಕು. ಈ ಪರೀಕ್ಷೆಯನ್ನು ಯಾವ ಅಳತೆಯೂ ಮೋಸ ಮಾಡಲಾರದು.

ಎರಡನೆಯದು ಹಿಲ್ ಸೂತ್ರದ ಕೆಳತುದಿ. 10 ಟಾರ್‌ನಲ್ಲಿ ನಮಗೆ 6 ಬಂತು. ನಿಜವಾದ ರಕ್ತದಲ್ಲಿ ಅಳೆದರೆ 10ರ ಹತ್ತಿರ ಸಿಗುತ್ತದೆ. ಮೊದಲ ಆಕ್ಸಿಜನ್ ಕೂರುವಾಗ ಸಹಕಾರ ಇನ್ನೂ ಶುರುವಾಗಿರುವುದಿಲ್ಲ, ಆದ್ದರಿಂದ ಅಲ್ಲಿ n 2.8 ಅಲ್ಲ, 1ರ ಕಡೆಗೆ ಇಳಿದಿರುತ್ತದೆ. ಪೂರ್ತಿ ತುಂಬುವ ಹೊತ್ತಿಗೂ ಹಾಗೆಯೇ. ಸೂತ್ರವನ್ನು 20ರಿಂದ 80ರ ನಡುವಿನ ಸ್ಯಾಚುರೇಶನ್‌ಗೆ ನೆಚ್ಚಿಕೊಳ್ಳಿ, ತುದಿಗಳಲ್ಲಿ ಒಂದೆರಡು ಅಂಕಿಗೆ ಜಗಳವಾಡಬೇಡಿ.

ಕರ್ವ್ ಹಾಳಾದಾಗ: ಬಚ್ಚಲುಮನೆಯ ಗ್ಯಾಸ್ ಗೀಸರ್

ಪುಣೆಯ ಚಳಿಗಾಲದಲ್ಲಿ ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳಬಹುದು. ಅದು ಆಕ್ಸಿಜನ್ ಕೂರುವ ಅದೇ ಕಬ್ಬಿಣಕ್ಕೆ, ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಅರ್ಧ ಜಾಗ ಅದರ ಪಾಲಾಯಿತು ಎಂದುಕೊಳ್ಳಿ. ಉಳಿದರ್ಧವಾದರೂ ಆಕ್ಸಿಜನ್ ಕೊಡಬೇಕಲ್ಲ? ರಕ್ತಹೀನತೆಯಿಂದ ಹಿಮೋಗ್ಲೋಬಿನ್ ಅರ್ಧಕ್ಕೆ ಇಳಿದವರು ಸುಸ್ತಾಗಿಯಾದರೂ ಓಡಾಡುತ್ತಾರೆ. ಅರ್ಧ ಜಾಗಕ್ಕೆ ಮೊನಾಕ್ಸೈಡ್ ಕೂತವರು ಪ್ರಜ್ಞೆ ತಪ್ಪಿ ಬೀಳುತ್ತಾರೆ, ಸಾಯಲೂಬಹುದು. ವ್ಯತ್ಯಾಸ ಕರ್ವ್‌ನಲ್ಲಿದೆ. ಕಬ್ಬಿಣಕ್ಕೆ ಮೊನಾಕ್ಸೈಡ್ ಅಂಟಿದರೂ ಅಣು ಆರ್ ಸ್ಥಿತಿಗೆ ತಿರುಗುತ್ತದೆ, ಅದು ಸುಲಭಕ್ಕೆ ಬಿಟ್ಟುಹೋಗದ್ದರಿಂದ ಟಿ ಸ್ಥಿತಿಗೆ ಮರಳುವುದೂ ಕಷ್ಟ. ಅದೇ ಅಣುವಿನ ಉಳಿದ ಜಾಗಗಳಲ್ಲಿರುವ ಆಕ್ಸಿಜನ್ ಬಿಗಿ ಹಿಡಿತದಲ್ಲೇ ಉಳಿಯುತ್ತದೆ. ಕರ್ವ್ ಎಡಕ್ಕೆ ಜರುಗಿ ಎಸ್ ಆಕಾರ ಕಳೆದುಕೊಂಡು ಮಯೋಗ್ಲೋಬಿನ್‌ನ ಗೆರೆಯಂತೆ ಬಾಗುತ್ತದೆ.

ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಪಲ್ಸ್ ಆಕ್ಸಿಮೀಟರ್‌ಗೆ ಮೊನಾಕ್ಸೈಡ್ ಕೂತ ಹಿಮೋಗ್ಲೋಬಿನ್‌ಗೂ ಆಕ್ಸಿಜನ್ ಕೂತದ್ದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಅದು 98 ಎಂದೇ ತೋರಿಸಬಹುದು. ಗೀಸರ್ ಉರಿಯುತ್ತಿದ್ದ ಬಚ್ಚಲಿನಿಂದ ಯಾರನ್ನಾದರೂ ಎತ್ತಿ ತಂದರೆ ಆ ಅಂಕಿಯನ್ನು ನೋಡಿ ಸಮಾಧಾನ ಪಡದೆ ಬಯಲಿಗೆ ಕರೆತಂದು ತಕ್ಷಣ ಆಸ್ಪತ್ರೆಗೆ ಸಾಗಿಸಿ, ಗ್ಯಾಸ್ ಗೀಸರ್ ಇತ್ತು ಎಂಬುದನ್ನು ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ.